ಇಪ್ಪತ್ತೈದರ ಸಂಜೆಯ ಹಾಲು

ನಮ್ಮೂರಿನ ಹಾಲಿನ ಡೇರಿಯ ಕಾರ್ಯದರ್ಶಿ ಒಂದು ರಾತ್ರಿ ಊಟದ ಹೊತ್ತಿಗೆ ಲ್ಯಾಪ್‌ಟಾಪ್ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದರು. "ಮೇಷ್ಟ್ರೇ, ಇದು ಈ ತಿಂಗಳಲ್ಲಿ ಮೂರನೇ ಸಲ ಕೈ ಕೊಡ್ತಿರೋದು. ಹನ್ನೆರಡನೇ ತಾರೀಖು ಸಂಜೆ ಒಂದು ಸಲ ನಿಂತಿತು. ಸರಿ ಮಾಡಿಸ್ದೆ. ಇವತ್ತು ಬೆಳಿಗ್ಗೆ ಮತ್ತೆ ನಿಂತಿತು. ಅದನ್ನೂ ಸರಿ ಮಾಡಿಸ್ದೆ. ಈಗ ಸಂಜೆ ಹಾಲು ಏರಿಸೋಕೆ ಹೋದ್ರೆ ಮತ್ತೆ ಅದೇ ಕಥೆ" ಅಂದರು. ಅಂದು ತಾರೀಖು 25.

ಕಡತ ತೆರೆದು ನೋಡಿದೆ. ಎಕ್ಸೆಲ್‌ನಲ್ಲಿ ಮಾಡಿದ ತಿಂಗಳ ಲೆಕ್ಕ. ಸಾಲಿಗೊಬ್ಬ ಸದಸ್ಯ. ಮೊದಲ ಕಾಲಂನಲ್ಲಿ ಕ್ರಮಸಂಖ್ಯೆ, ಎರಡನೆಯದರಲ್ಲಿ ಸದಸ್ಯ ಸಂಖ್ಯೆ, ಮೂರನೆಯದರಲ್ಲಿ ಹೆಸರು. ನಾಲ್ಕನೇ ಕಾಲಂನಿಂದ ಹಾಲಿನ ಲೆಕ್ಕ ಶುರು. ದಿನಕ್ಕೆ ಎರಡು ಕಾಲಂ, ಬೆಳಿಗ್ಗೆಗೊಂದು, ಸಂಜೆಗೊಂದು. ಡೇರಿಯಲ್ಲಿ ಹಾಲು ಅಳೆದ ಮೇಲೆ ಸದಸ್ಯ ಸಂಖ್ಯೆ ಮತ್ತು ಲೀಟರ್ ಹೊಡೆದು ಗುಂಡಿ ಒತ್ತಿದರೆ, ಒಂದು ಪುಟ್ಟ ಮ್ಯಾಕ್ರೋ ಅದನ್ನು ಸರಿಯಾದ ಸಾಲಿಗೆ, ಸರಿಯಾದ ಕಾಲಂಗೆ ಬರೆಯುತ್ತದೆ. ಮ್ಯಾಕ್ರೋ ಬರೆದುಕೊಟ್ಟವನು ಅವರ ತಂಗಿಯ ಮಗ, ಕಾಲೇಜು ಓದುವ ಹುಡುಗ. ಎರಡು ಸಲ ದುರಸ್ತಿ ಮಾಡಿದವನೂ ಅವನೇ, ಫೋನಿನಲ್ಲಿ.

ಹುಡುಗನ ಬುದ್ಧಿಯಲ್ಲಿ ಕೊರತೆ ಇರಲಿಲ್ಲ. ಅವನು ಎಡವಿದ ಕಲ್ಲಿನ ಮೇಲೆ ವರ್ಷಗಟ್ಟಲೆ ಪ್ರೋಗ್ರಾಂ ಬರೆದವರೂ ಎಡವಿದ್ದಾರೆ. ಕಲ್ಲು ಇರುವುದು ಒಂದು ಸಣ್ಣ ಪ್ರಶ್ನೆಯಲ್ಲಿ: 27ನೇ ಕಾಲಂನ ಹೆಸರೇನು? ಅದನ್ನು ಲೆಕ್ಕ ಹಾಕಿ ಹೇಳುವುದು ಹೇಗೆ?

ಕಾಲಂಗೆ ಅಕ್ಷರ, ಮ್ಯಾಕ್ರೋಗೆ ಸಂಖ್ಯೆ

ಸ್ಪ್ರೆಡ್‌ಶೀಟಿನಲ್ಲಿ ಸಾಲುಗಳಿಗೆ ಸಂಖ್ಯೆ, ಕಾಲಂಗಳಿಗೆ ಇಂಗ್ಲಿಷ್ ಅಕ್ಷರ. D ಕಾಲಂ ಎರಡನೇ ಸಾಲನ್ನು ಸೇರುವ ಚೌಕವೇ D2. ಒಂದು ಕಡೆ ಅಕ್ಷರ, ಇನ್ನೊಂದು ಕಡೆ ಸಂಖ್ಯೆ ಇರುವುದರಿಂದ ಯಾವುದು ಕಾಲಂ, ಯಾವುದು ಸಾಲು ಎಂಬ ಗೊಂದಲ ಇಲ್ಲ. 1979ರಲ್ಲಿ ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಆಪಲ್ 2 ಕಂಪ್ಯೂಟರಿಗೆ ತಂದ ವಿಸಿಕ್ಯಾಲ್ಕ್‌ನಲ್ಲೇ ಈ ಪದ್ಧತಿ ಇತ್ತು. ಅದರಲ್ಲಿ ಇದ್ದದ್ದು 63 ಕಾಲಂ, ಕೊನೆಯದು BK. ಅಂದರೆ Z ಮುಗಿದ ಮೇಲೆ ಏನು ಎಂಬ ಪ್ರಶ್ನೆಯೂ ಮೊದಲ ದಿನದಿಂದಲೇ ಇತ್ತು, AA ಎಂಬ ಉತ್ತರವೂ ಇತ್ತು.

ಕಣ್ಣಿನಿಂದ ನೋಡುವವರಿಗೆ ಇದರಿಂದ ತೊಂದರೆ ಇಲ್ಲ. A, B, C ಎಂದು Z ತನಕ ಹೋಗಿ, ಆಮೇಲೆ AA, AB, AC. AZ ಆದ ಮೇಲೆ BA. ಮಗ್ಗಿ ಹೇಳಿದಂತೆ ಸಲೀಸು. ಆದರೆ ಮ್ಯಾಕ್ರೋ ಕಾಲಂಗಳನ್ನು ಎಣಿಸುವುದು ಸಂಖ್ಯೆಯಲ್ಲಿ. ತಾರೀಖನ್ನು ಎರಡರಿಂದ ಗುಣಿಸಿ ಎರಡು ಕೂಡಿಸಿದರೆ ನಮ್ಮ ಡೇರಿಯ ಹಾಳೆಯಲ್ಲಿ ಆ ದಿನದ ಬೆಳಗಿನ ಕಾಲಂ ಸಿಗುತ್ತದೆ. ಇನ್ನೊಂದು ಕೂಡಿಸಿದರೆ ಸಂಜೆಯದು. ಒಂದನೇ ತಾರೀಖಿನ ಬೆಳಿಗ್ಗೆ 4, ಸಂಜೆ 5. ಹನ್ನೆರಡರ ಬೆಳಿಗ್ಗೆ 26, ಸಂಜೆ 27. ಇಪ್ಪತ್ತೈದರ ಬೆಳಿಗ್ಗೆ 52, ಸಂಜೆ 53. ಮೂವತ್ತೊಂದರ ಸಂಜೆ 65.

ಕಾರ್ಯದರ್ಶಿ ಹೇಳಿದ ಮೂರು ಹೊತ್ತು ಯಾವುವು ನೋಡಿ: 27, 52, 53. ಮ್ಯಾಕ್ರೋ ಎಲ್ಲೆಂದರಲ್ಲಿ ಕೆಟ್ಟಿಲ್ಲ. ಅಕ್ಷರಗಳ ಸುತ್ತು ಮುಗಿದು ಹೊಸ ಸುತ್ತು ಶುರುವಾಗುವ ಗಡಿಯಲ್ಲೇ ಮೂರು ಸಲವೂ ಕೆಟ್ಟಿದೆ.

ಮೂರು ಸಲ ಕೆಟ್ಟಿದ್ದು ಹೇಗೆ

ಮೊದಲನೆಯ ಸಲ ಹುಡುಗ ಬರೆದಿದ್ದು ಎಲ್ಲರಿಗೂ ಮೊದಲು ಹೊಳೆಯುವ ಒಂದು ಸಾಲು:

```
s = Chr(64 + n)
```

ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಸಂಖ್ಯೆ ಇದೆ. A ಗೆ 65, B ಗೆ 66, ಹೀಗೆ Z ಗೆ 90. ಕಾಲಂ ಸಂಖ್ಯೆಗೆ 64 ಕೂಡಿಸಿ ಆ ಸಂಕೇತದ ಅಕ್ಷರ ಕೇಳಿದರೆ ಹೆಸರು ಬಂತು. ಹನ್ನೆರಡರ ಬೆಳಗಿನ ತನಕ, ಅಂದರೆ 26ನೇ ಕಾಲಂ ತನಕ, ಇದು ಸರಿ. ಸಂಜೆ 27 ಬಂದಾಗ 91 ಆಯಿತು. 91ರ ಜಾಗದಲ್ಲಿ ಇರುವುದು ಅಕ್ಷರವಲ್ಲ, `[` ಎಂಬ ಚೌಕ ಆವರಣ. `[2` ಎಂಬ ಸೆಲ್ ಪ್ರಪಂಚದಲ್ಲೇ ಇಲ್ಲ. ಎಕ್ಸೆಲ್ 1004 ಎಂಬ ದೋಷಸಂಖ್ಯೆ ತೋರಿಸಿ ನಿಂತಿತು.

ಎರಡನೆಯ ಸಲ ಅವನು ಭಾಗಾಕಾರಕ್ಕೆ ಹೋದ:

```
If n <= 26 Then
  s = Chr(64 + n)
Else
  s = Chr(64 + n \ 26) & Chr(64 + n Mod 26)
End If
```

ಇಲ್ಲಿ `\` ಅಂದರೆ ಭಾಗಲಬ್ಧ, `Mod` ಅಂದರೆ ಶೇಷ. 27ನ್ನು 26ರಿಂದ ಭಾಗಿಸಿದರೆ ಭಾಗಲಬ್ಧ 1, ಶೇಷ 1. ಉತ್ತರ AA. 28ಕ್ಕೆ AB. ಎಲ್ಲ ಸರಿ ಕಾಣುತ್ತದೆ. ಹದಿಮೂರರಿಂದ ಇಪ್ಪತ್ನಾಲ್ಕರ ತನಕ ಹಾಲು ಸರಾಗವಾಗಿ ಏರಿತು. ಇಪ್ಪತ್ತೈದರ ಬೆಳಿಗ್ಗೆ 52 ಬಂತು. 52ನ್ನು ಭಾಗಿಸಿದರೆ ಭಾಗಲಬ್ಧ 2, ಶೇಷ ಸೊನ್ನೆ. ಭಾಗಲಬ್ಧಕ್ಕೆ B ಬಂತು. ಸೊನ್ನೆಗೆ 64 ಕೂಡಿಸಿದರೆ 64 ಮಾತ್ರ. ಅದು A ಗಿಂತ ಒಂದು ಮೆಟ್ಟಿಲು ಕೆಳಗೆ, `@` ಇರುವ ಜಾಗ. `B@` ಎಂಬ ಕಾಲಂ ಹುಡುಕಿ ಎಕ್ಸೆಲ್ ಮತ್ತೆ ನಿಂತಿತು. ಬರಬೇಕಾಗಿದ್ದು AZ.

ಮೂರನೆಯ ಸಲ ಅವನು ಎಲ್ಲೋ ನೋಡಿದ ಉಪಾಯ ಹಾಕಿದ. ಎಡಗಡೆಯ ಅಕ್ಷರಕ್ಕೆ 26ರ ಬದಲು 27ರಿಂದ ಭಾಗಿಸುವುದು, ಆಮೇಲೆ ಬಂದ ಭಾಗಲಬ್ಧದ 26 ಪಟ್ಟನ್ನು ಕಳೆದು ಉಳಿದಿದ್ದನ್ನು ಬಲಗಡೆ ಇಡುವುದು. 52ನ್ನು 27ರಿಂದ ಭಾಗಿಸಿದರೆ ಭಾಗಲಬ್ಧ 1. 52ರಲ್ಲಿ 26 ಕಳೆದರೆ 26. ಉತ್ತರ AZ, ಸರಿ. ಬೆಳಗಿನ ಹಾಲು ಏರಿತು. ಸಂಜೆ 53. ಅದನ್ನು 27ರಿಂದ ಭಾಗಿಸಿದರೂ ಭಾಗಲಬ್ಧ 1ನೇ. 53ರಲ್ಲಿ 26 ಕಳೆದರೆ 27. ಮತ್ತೆ ಅದೇ ಚೌಕ ಆವರಣ, `A[`. ಬರಬೇಕಾಗಿದ್ದು BA.

ಈ 27ರ ಉಪಾಯ ಬಹಳ ಜನರನ್ನು ಮೋಸ ಮಾಡಿದೆ, ಏಕೆಂದರೆ ಅದು ಹೆಚ್ಚು ಕಡೆ ಸರಿ ಉತ್ತರವನ್ನೇ ಕೊಡುತ್ತದೆ. 54ರಿಂದ 78ರ ತನಕ ಒಂದೂ ತಪ್ಪಿಲ್ಲ. ಆಮೇಲೆ 79 ಮತ್ತು 80 ಎರಡು ಕಾಲಂ ತಪ್ಪು. ಮುಂದಿನ ಸುತ್ತಿನಲ್ಲಿ 105, 106, 107 ಮೂರು ಕಾಲಂ ತಪ್ಪು. ಸುತ್ತು ಬರುವುದು 26ಕ್ಕೊಮ್ಮೆ, ನಾವು ಭಾಗಿಸುತ್ತಿರುವುದು 27ರಿಂದ. ಹಾಗಾಗಿ ಪ್ರತಿ ಸುತ್ತಿಗೂ ಒಂದೊಂದು ಹೆಜ್ಜೆ ಹಿಂದೆ ಬೀಳುತ್ತಾ ಹೋಗುತ್ತದೆ. ಮೂವತ್ತು ನಲವತ್ತು ಕಾಲಂ ಇರುವ ಹಾಳೆಯಲ್ಲಿ ಪರೀಕ್ಷೆ ಮಾಡಿದವರಿಗೆ ಇದು ಎಂದೂ ಕಣ್ಣಿಗೆ ಬೀಳುವುದಿಲ್ಲ.

ಸೊನ್ನೆ ಇಲ್ಲದ ಎಣಿಕೆ

ಎಲ್ಲದರ ಬೇರು ಒಂದೇ. ಕಾಲಂ ಹೆಸರುಗಳಲ್ಲಿ ಸೊನ್ನೆ ಇಲ್ಲ.

ನಾವು ದಿನಾ ಬಳಸುವ ಎಣಿಕೆಯಲ್ಲಿ ಸೊನ್ನೆಯಿಂದ ಒಂಬತ್ತರ ತನಕ ಹತ್ತು ಅಂಕಿ. ಒಂಬತ್ತು ಆದ ಮೇಲೆ ಹೊಸ ಅಂಕಿ ಇಲ್ಲದ ಕಾರಣ ಎಡಗಡೆ ಒಂದು ಬರೆದು ಬಲಗಡೆ ಸೊನ್ನೆ ಇಡುತ್ತೇವೆ. ಅಕ್ಷರಗಳಲ್ಲಿ ಹಾಗಲ್ಲ. A ಅಂದರೆ ಒಂದು, Z ಅಂದರೆ ಇಪ್ಪತ್ತಾರು. ಖಾಲಿ ಎಂದು ಹೇಳಲು ಅಕ್ಷರವೇ ಇಲ್ಲ.

ಇದನ್ನು ನಮ್ಮ ಅಂಕಿಗಳಲ್ಲೇ ಊಹಿಸಿಕೊಳ್ಳಬಹುದು. ಸೊನ್ನೆಯನ್ನು ತೆಗೆದುಹಾಕಿ, ಅದರ ಬದಲು ಹತ್ತಕ್ಕೆ 'ದ' ಎಂಬ ಒಂದೇ ಗುರುತು ಕೊಟ್ಟೆವು ಅಂದುಕೊಳ್ಳಿ. ಎಂಟು, ಒಂಬತ್ತು ಆದ ಮೇಲೆ ಬರುವುದು ದ. ಅದಾದ ಮೇಲೆ 11, 12, ಎಂದಿನಂತೆ. ಹತ್ತೊಂಬತ್ತು ಆದ ಮೇಲೆ? ಇಪ್ಪತ್ತನ್ನು '20' ಎಂದು ಬರೆಯುವ ಹಾಗಿಲ್ಲ, ಸೊನ್ನೆ ಇಲ್ಲವಲ್ಲ. ಇಪ್ಪತ್ತು ಅಂದರೆ ಒಂದು ಹತ್ತು, ಅದರ ಮೇಲೆ ಇನ್ನೊಂದು ಹತ್ತು. ಹಾಗಾಗಿ '1ದ'. ಅದಾದ ಮೇಲೆ 21. ತೊಂಬತ್ತೊಂಬತ್ತರ ಮುಂದಿನ ನೂರು '9ದ'. ನೂರಾಹತ್ತು 'ದದ'.

AZ ಎಂಬುದು ಈ '1ದ'ದ ಜಾಗದಲ್ಲೇ ಇದೆ. 52 ಅಂದರೆ ಎರಡು ಇಪ್ಪತ್ತಾರು, ಚಿಲ್ಲರೆ ಏನೂ ಇಲ್ಲ ಎನ್ನುವುದು ನಮ್ಮ ಅಭ್ಯಾಸ. ಅಕ್ಷರಗಳ ಲೋಕದಲ್ಲಿ 'ಚಿಲ್ಲರೆ ಏನೂ ಇಲ್ಲ' ಎಂದು ಬರೆಯಲು ಬರುವುದಿಲ್ಲ. ಅಲ್ಲಿ 52 ಅಂದರೆ ಒಂದು ಇಪ್ಪತ್ತಾರು, ಅದರ ಮೇಲೆ ಇಪ್ಪತ್ತಾರು ಚಿಲ್ಲರೆ. ಹುಡುಗನ ಮೊದಲ ದುರಸ್ತಿಯಲ್ಲಿ ಬಂದ `@` ಎಂಬುದು ಈ ಇಲ್ಲದ ಸೊನ್ನೆಯೇ.

ಒಂದು ಕಾಯಿ ಪಕ್ಕಕ್ಕಿಡಿ

ಕಾರ್ಯದರ್ಶಿಗೆ ತೆಂಗಿನ ತೋಟ ಇದೆ. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ.

ಚೀಲಕ್ಕೆ 26 ಕಾಯಿಯಂತೆ ತುಂಬುತ್ತಾ ಹೋಗುತ್ತೀರಿ. ಆದರೆ ಒಂದು ಕಟ್ಟುಪಾಡು: ಎಲ್ಲ ತುಂಬಿದ ಮೇಲೆ ನೆಲದ ಮೇಲೆ ಬಿಡಿ ಕಾಯಿ ಇರಲೇಬೇಕು. ಕನಿಷ್ಠ ಒಂದು, ಹೆಚ್ಚೆಂದರೆ 26. ನೆಲ ಖಾಲಿ ಬಿಡುವಂತಿಲ್ಲ. ಇದನ್ನು ತಪ್ಪದೆ ಪಾಲಿಸುವುದು ಹೇಗೆ? ಚೀಲ ತುಂಬುವ ಮೊದಲೇ ಒಂದು ಕಾಯಿ ತೆಗೆದು ಪಕ್ಕಕ್ಕಿಡಿ. ಉಳಿದದ್ದನ್ನು ತುಂಬಿ. ತುಂಬಿ ಉಳಿದ ಬಿಡಿ ಕಾಯಿಗಳಿಗೆ ಪಕ್ಕಕ್ಕಿಟ್ಟಿದ್ದನ್ನು ಸೇರಿಸಿ. ಎಷ್ಟೇ ಕಾಯಿ ಇರಲಿ, ಬಿಡಿ ಕಾಯಿ ಒಂದರಿಂದ ಇಪ್ಪತ್ತಾರರ ಒಳಗೇ ಬರುತ್ತದೆ.

52 ಕಾಯಿ ತೆಗೆದುಕೊಳ್ಳಿ. ಒಂದು ಪಕ್ಕಕ್ಕಿಟ್ಟರೆ 51. ಒಂದು ಚೀಲ ತುಂಬಿ 25 ಉಳಿಯಿತು. ಪಕ್ಕದ್ದು ಸೇರಿಸಿದರೆ 26 ಬಿಡಿ. ಒಂದು ಚೀಲಕ್ಕೆ A, ಇಪ್ಪತ್ತಾರು ಬಿಡಿಗೆ Z. AZ ಬಂತು. ಈಗ 53. ಒಂದು ಪಕ್ಕಕ್ಕಿಟ್ಟರೆ 52. ಎರಡು ಚೀಲ ತುಂಬಿ ಏನೂ ಉಳಿಯಲಿಲ್ಲ. ಪಕ್ಕದ್ದು ಸೇರಿಸಿದರೆ ಒಂದು ಬಿಡಿ. ಎರಡು ಚೀಲಕ್ಕೆ B, ಒಂದು ಬಿಡಿಗೆ A. BA ಬಂತು. ಮ್ಯಾಕ್ರೋ ಕೈ ಕೊಟ್ಟ ಎರಡೂ ಹೊತ್ತು ಸರಿಹೋಯಿತು.

ಚೀಲಗಳೇ 26ಕ್ಕಿಂತ ಹೆಚ್ಚಾದರೆ ಏನು ಮಾಡಬೇಕು? ಚೀಲಗಳನ್ನು ಗಾಡಿಗೆ ಹೇರಬೇಕು, ಗಾಡಿಗೆ 26 ಚೀಲ. ಅಲ್ಲೂ ಅದೇ ಕಟ್ಟುಪಾಡು. ಹೇರುವ ಮೊದಲು ಒಂದು ಚೀಲ ಪಕ್ಕಕ್ಕಿಡಬೇಕು. ಪ್ರತಿ ಮೆಟ್ಟಿಲಿನಲ್ಲೂ ಭಾಗಿಸುವ ಮೊದಲು ಒಂದು ಕಳೆಯುವುದು, ಇಷ್ಟೇ ಇದರ ಗುಟ್ಟು. ಮೊದಲ ಮೆಟ್ಟಿಲಿನಲ್ಲಿ ಮಾತ್ರ ಕಳೆದು ಎರಡನೆಯದರಲ್ಲಿ ಮರೆತವರ ಮ್ಯಾಕ್ರೋ ತಪ್ಪುತ್ತದೆ.

ಎಕ್ಸೆಲ್‌ನ ಕೊನೆಯ ಕಾಲಂ 16,384ನೆಯದು. ಅದನ್ನು ಈ ಲೆಕ್ಕದಲ್ಲಿ ಹಾಕಿ ನೋಡೋಣ. ಒಂದು ಕಳೆದರೆ 16,383. ಅದನ್ನು 26ರಿಂದ ಭಾಗಿಸಿದರೆ ಭಾಗಲಬ್ಧ 630, ಶೇಷ 3. ಶೇಷಕ್ಕೆ ಪಕ್ಕಕ್ಕಿಟ್ಟ ಒಂದು ಸೇರಿಸಿದರೆ 4, ಅಂದರೆ D. ಈಗ 630ರಲ್ಲಿ ಒಂದು ಕಳೆದರೆ 629. ಭಾಗಲಬ್ಧ 24, ಶೇಷ 5. ಒಂದು ಸೇರಿಸಿದರೆ 6, ಅಂದರೆ F. ಈಗ 24ರಲ್ಲಿ ಒಂದು ಕಳೆದರೆ 23. ಭಾಗಲಬ್ಧ ಸೊನ್ನೆ, ಶೇಷ 23. ಒಂದು ಸೇರಿಸಿದರೆ 24, ಅಂದರೆ X. ಭಾಗಲಬ್ಧ ಸೊನ್ನೆ ಆದ ಕಾರಣ ಇಲ್ಲಿಗೆ ನಿಲ್ಲಿಸಬೇಕು. ಅಕ್ಷರಗಳು ಬಲದಿಂದ ಎಡಕ್ಕೆ ಹುಟ್ಟಿದವು, ಹಾಗಾಗಿ ಹೆಸರು XFD. ಎಕ್ಸೆಲ್ ತೆರೆದು ಕಂಟ್ರೋಲ್ ಗುಂಡಿಯ ಜೊತೆ ಬಲಬಾಣ ಒತ್ತಿ ನೋಡಿ, ಖಾಲಿ ಹಾಳೆಯಲ್ಲಿ ಅದು ಹೋಗಿ ನಿಲ್ಲುವುದು ಅಲ್ಲೇ.

ತಿರುಗುಮುರುಗು ಲೆಕ್ಕ ಇನ್ನೂ ಸುಲಭ. ಎಡದಿಂದ ಹೊರಟು, ಬಂದ ಮೊತ್ತವನ್ನು 26ರಿಂದ ಗುಣಿಸಿ ಮುಂದಿನ ಅಕ್ಷರದ ಬೆಲೆ ಕೂಡಿಸುತ್ತಾ ಹೋಗುವುದು. BM ಅಂದರೆ 2ನ್ನು 26ರಿಂದ ಗುಣಿಸಿ 13 ಕೂಡಿಸಿದರೆ 65. ನಮ್ಮ ಮೂವತ್ತೊಂದರ ಸಂಜೆ.

ಮ್ಯಾಕ್ರೋದಲ್ಲಿ

ಆ ರಾತ್ರಿ ಹುಡುಗನನ್ನು ಫೋನಿನಲ್ಲಿ ಇಟ್ಟುಕೊಂಡೇ ಹಳೆಯದನ್ನು ಅಳಿಸಿ ಇದನ್ನು ಬರೆದೆವು:

```
Function ColLabel(ByVal n As Long) As String
  Dim s As String
  Do While n > 0
    n = n - 1
    s = Chr(65 + (n Mod 26)) & s
    n = n \ 26
  Loop
  ColLabel = s
End Function
```

ಇದರಲ್ಲಿ 64ರ ಬದಲು 65 ಇದೆ. ಪಕ್ಕಕ್ಕಿಟ್ಟ ಆ ಒಂದನ್ನು ವಾಪಸ್ ಸೇರಿಸಿದ್ದು ಅಲ್ಲಿ. ಒಂದಕ್ಷರ, ಎರಡಕ್ಷರ, ಮೂರಕ್ಷರ ಎಂದು ಬೇರೆ ಬೇರೆ ಷರತ್ತು ಬರೆಯುವ ಅಗತ್ಯವೂ ಬೀಳಲಿಲ್ಲ.

ಮೊದಲ ಸಾಲಿನ `ByVal` ಎಂಬ ಪದವನ್ನು ಬಿಡಬೇಡಿ. ಎಕ್ಸೆಲ್‌ನ ಮ್ಯಾಕ್ರೋ ಭಾಷೆಯಲ್ಲಿ ಅದನ್ನು ಬರೆಯದಿದ್ದರೆ, ಕೊಟ್ಟ ಸಂಖ್ಯೆಯ ನಕಲಿಗೆ ಬದಲು ಮೂಲವೇ ಒಳಗೆ ಹೋಗುತ್ತದೆ. ಒಳಗೆ ನಾವು ಅದನ್ನು ಕಳೆದು ಭಾಗಿಸಿ ಸೊನ್ನೆ ಮಾಡುತ್ತೇವೆ. ಹೊರಗೆ ನಾಲ್ಕನೇ ಕಾಲಂನಿಂದ ಅರವತ್ತೈದರ ತನಕ ಎಣಿಸುತ್ತಿದ್ದ ಲೂಪಿನ ಎಣಿಕೆಯೂ ಸೊನ್ನೆಯಾಗಿ, ಅದು ಮುಂದೆ ಹೋಗಲಾರದೆ ಸುತ್ತುತ್ತಲೇ ಇರುತ್ತದೆ. ಪರದೆ ಅಲುಗಾಡದೆ ನಿಂತರೆ ಮೊದಲು ನೋಡಬೇಕಾದ ಜಾಗ ಇದು.

ಕೂಗದ ತಪ್ಪು

ಹುಡುಗನ ಮೂರು ತಪ್ಪಿನಲ್ಲಿ ಒಂದು ಒಳ್ಳೆಯದಿತ್ತು. ಮೂರೂ ಕೂಗಿ ಹೇಳಿದವು. `[` ಅಥವಾ `@` ಇರುವ ಕಾಲಂ ಇಲ್ಲದ ಕಾರಣ ಎಕ್ಸೆಲ್ ನಿಂತಿತು, ಹಾಲು ಎಲ್ಲೂ ತಪ್ಪು ಜಾಗಕ್ಕೆ ಹೋಗಲಿಲ್ಲ. ನಾಲ್ಕನೆಯ ಬಗೆಯ ತಪ್ಪೊಂದಿದೆ, ಅದು ಕೂಗುವುದಿಲ್ಲ. ಅದನ್ನು ತೋರಿಸಲು ಹಾಳೆಯ ನಕಲೊಂದರಲ್ಲಿ ಪ್ರಯೋಗ ಮಾಡಿದೆವು.

ಗಣಿತ ಓದಿದ ಕೆಲವರು ಇದನ್ನು ನೇರವಾಗಿ 26ರ ಮೂಲದ ಸಂಖ್ಯಾಪದ್ಧತಿ ಎಂದು ಭಾವಿಸುತ್ತಾರೆ. A ಗೆ ಸೊನ್ನೆ, Z ಗೆ 25 ಕೊಟ್ಟು, ಕಾಲಂ ಸಂಖ್ಯೆಯಲ್ಲಿ ಒಂದೇ ಸಲ ಒಂದು ಕಳೆದು, ಆಮೇಲೆ ಎಂದಿನಂತೆ ಭಾಗಿಸುತ್ತಾರೆ. Z ತನಕ ಉತ್ತರ ಸರಿ. 27ರಲ್ಲಿ ಒಂದು ಕಳೆದರೆ 26. ಭಾಗಿಸಿದರೆ ಭಾಗಲಬ್ಧ 1, ಶೇಷ 0. ಅವರ ಲೆಕ್ಕದಲ್ಲಿ 1 ಅಂದರೆ B, 0 ಅಂದರೆ A. ಉತ್ತರ BA. ಇದು ನಿಜವಾಗಿ ಇರುವ ಕಾಲಂ, ಹಾಗಾಗಿ ಎಕ್ಸೆಲ್ ಏನೂ ಹೇಳುವುದಿಲ್ಲ. ಆದರೆ BA 53ನೇ ಕಾಲಂ. ಹನ್ನೆರಡರ ಸಂಜೆಯ ಹಾಲು ಇಪ್ಪತ್ತೈದರ ಸಂಜೆಯ ಕೆಳಗೆ ಹೋಗಿ ಕೂತಿತು.

ಅಲ್ಲಿಂದ ಮುಂದೆ ಪ್ರತಿಯೊಂದೂ 26 ಕಾಲಂ, ಅಂದರೆ ಸರಿಯಾಗಿ ಹದಿಮೂರು ದಿನ ಮುಂದೆ ಬೀಳುತ್ತದೆ. ಹದಿಮೂರರದು ಇಪ್ಪತ್ತಾರಕ್ಕೆ, ಹದಿನಾಲ್ಕರದು ಇಪ್ಪತ್ತೇಳಕ್ಕೆ. ತಿಂಗಳ ಮೊತ್ತ D ಯಿಂದ BM ತನಕದ ಕೂಡಿಕೆ ಆದ್ದರಿಂದ ಹದಿನೆಂಟರ ಸಂಜೆಯ ತನಕ ಒಟ್ಟು ಲೀಟರ್ ಸರಿಯಾಗಿಯೇ ಕಾಣುತ್ತದೆ. ನಂಬಿಕೆ ಗಟ್ಟಿಯಾಗುತ್ತದೆ. ಹತ್ತೊಂಬತ್ತರ ಬೆಳಿಗ್ಗೆ 40ನೇ ಕಾಲಂಗೆ ಹೋಗಬೇಕಾದ ಹಾಲು BN ಗೆ ಹೋಗುತ್ತದೆ. ಕಾರ್ಯದರ್ಶಿಯವರ ಹಾಳೆಯಲ್ಲಿ BN ಮೊತ್ತದ ಕಾಲಂ. ಅಲ್ಲಿದ್ದ ಕೂಡಿಕೆಯ ಸೂತ್ರ ಅಳಿಸಿಹೋಗಿ, ಆ ಬೆಳಗಿನ ಆರೋ ಏಳೋ ಲೀಟರ್ ಹಾಲೇ ಆ ಸದಸ್ಯನ ಇಡೀ ತಿಂಗಳ ಮೊತ್ತವಾಗಿ ಕೂರುತ್ತದೆ. ಅದನ್ನು ನಕಲಿನಲ್ಲಿ ಕಣ್ಣಾರೆ ನೋಡಿದ ಕಾರ್ಯದರ್ಶಿ, "ಇದು ನಿಜವಾಗಿ ಆಗಿದ್ರೆ ಜನ ನನ್ನ ಸುಮ್ನೆ ಬಿಡ್ತಿದ್ರಾ ಮೇಷ್ಟ್ರೇ?" ಅಂದರು.

ಈ ಬಗೆಯ ತಪ್ಪನ್ನು ಹಿಡಿಯುವ ಗುರುತು ಒಂದಿದೆ. ಈ ಲೆಕ್ಕದಲ್ಲಿ ಎಡಗಡೆಯ ಅಕ್ಷರ ಎಂದೂ A ಆಗಿ ಬರುವುದಿಲ್ಲ, ಏಕೆಂದರೆ ಮುಂದಿರುವ ಸೊನ್ನೆಯನ್ನು ಯಾರೂ ಬರೆಯುವುದಿಲ್ಲ. ಹಾಗಾಗಿ AA ಯಿಂದ AZ ತನಕ 26 ಕಾಲಂ ಪೂರ್ತಿ ಖಾಲಿ ಉಳಿಯುತ್ತವೆ. ಮ್ಯಾಕ್ರೋ ತುಂಬಿದ ಹಾಳೆಯಲ್ಲಿ Z ಆದ ಮೇಲೆ ದೊಡ್ಡ ಖಾಲಿ ಪಟ್ಟಿ ಕಂಡರೆ ಕಾರಣ ಇದೇ ಇರಬೇಕು.

ಅಕ್ಷರವೇ ಬೇಡವಾದಾಗ

ಮ್ಯಾಕ್ರೋ ಬರೆಯುವವರು ಮೊದಲು ಕೇಳಿಕೊಳ್ಳಬೇಕಾದ್ದು, ನನಗೆ ಅಕ್ಷರ ನಿಜಕ್ಕೂ ಬೇಕೇ ಎಂದು. ಸೆಲ್‌ನಲ್ಲಿ ಏನಾದರೂ ಬರೆಯುವುದಷ್ಟೇ ಆದರೆ ಸಂಖ್ಯೆ ಸಾಕು:

```
Cells(r, 53).Value = litre
```

`r`ನೇ ಸಾಲು, 53ನೇ ಕಾಲಂ. ಹೆಸರು ಹುಡುಕುವ ಕೆಲಸವನ್ನು ಎಕ್ಸೆಲ್ ತಾನೇ ಮಾಡಿಕೊಳ್ಳುತ್ತದೆ. ಕಾರ್ಯದರ್ಶಿಯವರ ಹಾಲು ಏರಿಸುವ ಕೆಲಸವನ್ನು ಕೊನೆಗೆ ಹೀಗೆಯೇ ಬದಲಿಸಿದೆವು. ಅಕ್ಷರ ಬೇಕಾಗುವುದು ಮ್ಯಾಕ್ರೋ ತಾನೇ `=SUM(D2:BM2)` ಎಂಬಂಥ ಸೂತ್ರವನ್ನು ಕಟ್ಟಿ ಬರೆಯಬೇಕಾದಾಗ, ಇಲ್ಲವೆ 'BA ಕಾಲಂ ನೋಡಿ' ಎಂದು ಮನುಷ್ಯರಿಗೆ ಹೇಳಬೇಕಾದಾಗ.

ಮ್ಯಾಕ್ರೋ ಗೊತ್ತಿಲ್ಲದವರು ಸೆಲ್‌ನಲ್ಲೇ ಈ ಸೂತ್ರ ಹಾಕಿದರೂ ಹೆಸರು ಸಿಗುತ್ತದೆ:

```
=SUBSTITUTE(ADDRESS(1,65,4),"1","")
```

`ADDRESS` ಎಂಬುದು ಮೊದಲ ಸಾಲಿನ 65ನೇ ಕಾಲಂನ ವಿಳಾಸವನ್ನು BM1 ಎಂದು ಕೊಡುತ್ತದೆ. ಕೊನೆಯ 4 ಎಂಬುದು ಡಾಲರ್ ಗುರುತು ಬರದಂತೆ ತಡೆಯುತ್ತದೆ. `SUBSTITUTE` ಆ ಒಂದನ್ನು ಅಳಿಸಿ BM ಉಳಿಸುತ್ತದೆ. ಹಾಳೆಯಲ್ಲಿ ಇಲ್ಲದ ಕಾಲಂ ಕೇಳಿದರೆ, ಉದಾಹರಣೆಗೆ 16,385, `#VALUE!` ಎಂದು ತೋರಿಸುತ್ತದೆ. ಇದೂ ಕೂಗಿ ಹೇಳುವ ತಪ್ಪು, ಒಳ್ಳೆಯದೇ.

ಹೆಸರುಗಳ ಗಡಿ

ಎರಡಕ್ಷರದ ಹೆಸರುಗಳು 26ನ್ನು 26ರಿಂದ ಗುಣಿಸಿದಷ್ಟು, 676. ಒಂದಕ್ಷರದ 26 ಸೇರಿದರೆ 702. ಹಾಗಾಗಿ ZZ 702ನೇ ಕಾಲಂ, AAA 703ನೆಯದು. ಮೂರಕ್ಷರದವೆಲ್ಲ ಸೇರಿದರೆ ZZZ ತನಕ 18,278. ಗೂಗಲ್ ಶೀಟ್ಸ್ ಕೊಡುವ ಕಾಲಂಗಳ ಮಿತಿ ಸರಿಯಾಗಿ ಇದೇ ಸಂಖ್ಯೆ. ಎಕ್ಸೆಲ್‌ನಲ್ಲಿ 2003ರ ಆವೃತ್ತಿಯ ತನಕ ಇದ್ದದ್ದು 256 ಕಾಲಂ, ಕೊನೆಯದು IV. 2007ರ ಆವೃತ್ತಿಯಲ್ಲಿ ಅದು ಒಮ್ಮೆಗೇ 16,384ಕ್ಕೆ ಹೋಯಿತು. ಎರಡಕ್ಷರಕ್ಕಷ್ಟೇ ಬರೆದಿದ್ದ ಹಳೆಯ ಮ್ಯಾಕ್ರೋಗಳಿಗೆ ಅಂದಿನವರೆಗೆ ಬೇರೇನೂ ಬೇಕಾಗಿರಲಿಲ್ಲ.

ಈ ಮೂರಕ್ಷರದಿಂದ ಇನ್ನೊಂದು ಬದಲಾವಣೆ ಆಯಿತು. ಎಕ್ಸೆಲ್‌ನಲ್ಲಿ ಒಂದಷ್ಟು ಸೆಲ್‌ಗಳಿಗೆ ನಾವೇ ಹೆಸರಿಡಬಹುದು. ಆದರೆ ಆ ಹೆಸರು ಸೆಲ್‌ನ ವಿಳಾಸದಂತೆ ಇರಬಾರದು. ಇಂದು ಯಾರಾದರೂ ಮೇ ತಿಂಗಳ ಲೆಕ್ಕಕ್ಕೆ MAY2024 ಎಂದು ಹೆಸರಿಡಲು ಹೋದರೆ ಎಕ್ಸೆಲ್ ಒಪ್ಪುವುದಿಲ್ಲ. MAY ಎಂಬುದು 8,839ನೇ ಕಾಲಂ, 2024 ಎಂಬುದು ಸಾಲು. ಅದೊಂದು ನಿಜವಾದ ಸೆಲ್. ಇಂಗ್ಲಿಷ್ ತಿಂಗಳುಗಳ ಮೂರಕ್ಷರದ ಹೆಸರೆಲ್ಲ XFD ಗಿಂತ ಮೊದಲೇ ಬರುವುದರಿಂದ ಹನ್ನೆರಡು ತಿಂಗಳಿಗೂ ಇದೇ ತಡೆ. ನಡುವೆ ಅಡಿಗೆರೆ ಹಾಕಿ MAY_2024 ಎಂದರೆ ಆಯಿತು.

ಗಡಿಯಲ್ಲಿ ನಿಂತು ನೋಡಿ

ಕಾರ್ಯದರ್ಶಿ ಹೊರಡುವ ಮೊದಲು ಹೊಸ ಮ್ಯಾಕ್ರೋವನ್ನು ಎಂಟು ಸಂಖ್ಯೆಗಳಲ್ಲಿ ಒರೆ ಹಚ್ಚಿದೆವು. 1ಕ್ಕೆ A, 26ಕ್ಕೆ Z, 27ಕ್ಕೆ AA, 52ಕ್ಕೆ AZ, 53ಕ್ಕೆ BA, 702ಕ್ಕೆ ZZ, 703ಕ್ಕೆ AAA, 16,384ಕ್ಕೆ XFD. ಎಲ್ಲವೂ ಸರಿ ಬಂದವು. ನಡುವಿನ ಸಂಖ್ಯೆಗಳಲ್ಲಿ ತಪ್ಪು ಮ್ಯಾಕ್ರೋಗಳೂ ಸರಿ ಉತ್ತರ ಕೊಡುತ್ತವೆ, ಅದಕ್ಕೇ ಪರೀಕ್ಷೆ ಸುತ್ತು ಬದಲಾಗುವ ಜಾಗದಲ್ಲೇ ಆಗಬೇಕು. ಆಮೇಲೆ ನಿಂತುಹೋಗಿದ್ದ ಇಪ್ಪತ್ತೈದರ ಸಂಜೆಯ ಹಾಲನ್ನು ಚೀಟಿ ನೋಡಿಕೊಂಡು ಏರಿಸಿದೆವು. BA ಕಾಲಂ ತುಂಬಿತು.

ನಿಮ್ಮ ಶಾಲೆಯ ಹಾಜರಿಯೋ, ಸಂಘದ ಉಳಿತಾಯವೋ, ಅಂಗಡಿಯ ದಿನವಹಿಯೋ Z ದಾಟುವ ಹಾಳೆಯಲ್ಲಿದ್ದು, ಅದನ್ನು ಯಾರೋ ಬರೆದುಕೊಟ್ಟ ಮ್ಯಾಕ್ರೋ ತುಂಬುತ್ತಿದ್ದರೆ, ಇಂದೇ ಅದಕ್ಕೆ 52 ಮತ್ತು 53 ಕೊಟ್ಟು ನೋಡಿ. AZ ಮತ್ತು BA ಬಂದರೆ ನೆಮ್ಮದಿಯಾಗಿರಿ. ಬೇರೇನಾದರೂ ಬಂದರೆ, ಭಾಗಿಸುವ ಮೊದಲು ಒಂದು ಕಳೆಯುವುದನ್ನು ಬರೆದವರು ಮರೆತಿದ್ದಾರೆ.